ಕವರ್ ಫೋಟೋ ಬದಲಾಯಿಸಿದ್ರೂ ಹಳೇದು ಹೋಗಿಲ್ಲ, ಫೇಸ್‌ಬುಕ್‌ನಿಂದ ಪೂರ್ತಿ ತೆಗೆಯೋದು ಹೇಗೆ?

ರಶ್ಮಿ_ಶಿವಮೊಗ್ಗ

ಎಲ್ರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹೆಣ್ಣು ನೋಡ್ತಿದೀವಿ. ಹೋದ ಭಾನುವಾರ ಹುಡುಗಿ ಕಡೆಯವರು ಮನೆಗೆ ಬಂದಿದ್ರು. ಉಪ್ಪಿಟ್ಟು, ಕೇಸರಿಬಾತ್ ಎಲ್ಲಾ ಆಗಿ ಕಾಫಿ ಕುಡೀತಾ ಇರ್ಬೇಕಾದ್ರೆ ಹುಡುಗಿ ಚಿಕ್ಕಪ್ಪ ನಗ್ತಾ ನಗ್ತಾ ಕೇಳಿದ್ರು, "ಜೋಗದ ಬಂಡೆ ತುದೀಲಿ ಬಾಟ್ಲಿ ಹಿಡ್ಕೊಂಡು ಕೂತಿದ್ರಲ್ಲ, ಭಯ ಆಗ್ಲಿಲ್ವಾ?" ಅಂತ. ನಮ್ಮಮ್ಮನ ಮುಖ ನೋಡೋ ಹಾಗಿರ್ಲಿಲ್ಲ.

ಅದು 2013ರಲ್ಲಿ ಅವನು ಹಾಕಿದ್ದ ಕವರ್ ಫೋಟೋ. ಆಮೇಲೆ ಹತ್ತಾರು ಸಲ ಬದಲಾಯಿಸಿದಾನೆ. ಈಗಿರೋದು ಶೃಂಗೇರಿ ದೇವಸ್ಥಾನದ್ದು. ಹಳೇದು ಯಾವತ್ತೋ ಹೋಯ್ತು ಅಂದ್ಕೊಂಡಿದ್ದ.

ಅವನದ್ದು ಹಾಗಿರಲಿ. ರಾತ್ರಿ ನಾನು ನನ್ನ ಖಾತೆ ನೋಡ್ಕೊಂಡೆ. 41 ಪ್ರೊಫೈಲ್ ಫೋಟೋ, 23 ಕವರ್ ಫೋಟೋ. ಅದ್ರಲ್ಲಿ ಒಂದು ನನ್ನ ಮಗಳಿಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ಕೂರಿಸಿದ್ದು, ಆಗ ಅವಳಿಗೆ ಹತ್ತು ತಿಂಗಳು. ದಿನಾಂಕದ ಪಕ್ಕ ಗೋಲದ ಗುರುತು ಇದೆ. ಅಂದ್ರೆ ಊರಿಗೆಲ್ಲ ಕಾಣೋದು ತಾನೇ? ನಂಗೆ ಗಾಬರಿ ಆಯ್ತು. ಗೋಡೆ ಮೇಲಿನ ಪೋಸ್ಟನ್ನ ಎರಡು ವರ್ಷದ ಹಿಂದೆಯೇ ಅಡಗಿಸಿದ್ದೆ, ಆದ್ರೂ ಆಲ್ಬಂನಲ್ಲಿ ಹಾಗೇ ಕೂತಿದೆ. ಇಡೀ ಆಲ್ಬಂ ಅಳಿಸೋಣ ಅಂದ್ರೆ ಆ ಆಯ್ಕೆಯೇ ಇಲ್ಲ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ಗಣೇಶ_ತುಮಕೂರು

ಮೇಡಂ ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಡಿ. ಪ್ರೊಫೈಲ್ ಲಾಕ್ ಮಾಡಿ, ಮುಗೀತು. ಸ್ನೇಹಿತರಲ್ಲದವರಿಗೆ ಒಂದು ಫೋಟೋನೂ ಕಾಣಲ್ಲ. ಪ್ರೊಫೈಲ್ ಹೆಸರಿನ ಪಕ್ಕ ಮೂರು ಚುಕ್ಕಿ, ಅಲ್ಲಿ Lock profile. ಎರಡು ನಿಮಿಷದ ಕೆಲಸ.

ನಿವೃತ್ತ_ಮೇಷ್ಟ್ರು

ಇದೇ ಸಮಸ್ಯೆ ನನಗೂ ಇದೆ. ನನ್ನ ಡಿಪಿ ಬದಲಾಯಿಸಿದರೂ ಹಳೆಯದು ಫೋನಿನ ಗ್ಯಾಲರಿಯಲ್ಲಿ ಉಳಿದುಕೊಂಡಿರುತ್ತದೆ. WhatsApp Profile Photos ಎಂಬ ಒಂದು ಕಪಾಟೇ ಇದೆ. ಮೊಮ್ಮಗ ಅದನ್ನು ಅಳಿಸಿಕೊಟ್ಟ, ಈಗ ಸರಿಯಾಗಿದೆ. ತಾವೂ ಗ್ಯಾಲರಿಯಲ್ಲಿ ನೋಡಿ.

ರಶ್ಮಿ_ಶಿವಮೊಗ್ಗ

ಸರ್, ಅದು ವಾಟ್ಸಾಪ್, ನಿಮ್ಮ ಫೋನಿನೊಳಗಿನ ಪ್ರತಿ. ನಾನು ಹೇಳ್ತಿರೋದು ಫೇಸ್‌ಬುಕ್ ಖಾತೆಯೊಳಗೇ ಇರೋ ಆಲ್ಬಂ. ಗ್ಯಾಲರಿಯಿಂದ ಅಳಿಸಿದ್ರೆ ಇದು ಹೋಗಲ್ಲ.

ಗಣೇಶ್ ಅವ್ರೇ, ಲಾಕ್ ಮಾಡಿದೀನಿ. ಆದ್ರೆ ನನ್ನ ಪಟ್ಟಿಯಲ್ಲಿ 900 ಜನ ಇದಾರೆ. ಅದ್ರಲ್ಲಿ ಅರ್ಧ ಜನ ಯಾರು ಅಂತಾನೇ ಗೊತ್ತಿಲ್ಲ.

ಸೈಬರ್_ಸೆಂಟರ್_ಅಕ್ಕ

ನಾ ಹಾವೇರಿ ಕಡಿಯಾಕಿ. ಹನ್ನೊಂದು ವರ್ಷಾತು ಸೈಬರ್ ಸೆಂಟರ್ ನಡಸಾಕತ್ತು. ಲಗ್ನದ ಸೀಸನ್ ಬಂತಂದ್ರ ವಾರಕ್ಕ ಇಬ್ರರ ಈ ಕೆಲಸಕ್ಕ ಬರ್ತಾರ. ರಶ್ಮಿ ತಂಗಿ, ಸಾವಕಾಶ ಓದು.

ಮೊದಲು ಒಂದು ಮಾತು. ನೀ ಕವರ್ ಬದಲಿ ಮಾಡಿದಾಗ ಹಳೇ ಫೋಟೋ ತಗದು ಹೊಸಾದು ಇಟ್ಟಂಗ ಆಗಂಗಿಲ್ಲ. ಹೊಸಾದು ಬಂದು ಮ್ಯಾಲೆ ಕುಂದರ್ತದ, ಹಳೇದು ಕೆಳಗ ಸರೀತದ, ಅಷ್ಟ. ಗ್ವಾಡಿಗೆ ಕ್ಯಾಲೆಂಡರ್ ಮ್ಯಾಲೆ ಕ್ಯಾಲೆಂಡರ್ ಜಡದಂಗ. ಪ್ರೊಫೈಲ್ ಫೋಟೋ ಎಲ್ಲಾ Profile pictures ಅನ್ನೋ ಆಲ್ಬಂನ್ಯಾಗ, ಕವರ್ ಎಲ್ಲಾ Cover photos ಅನ್ನೋದ್ರಾಗ. ಈ ಎರಡೂ ತಾವ ಹುಟ್ಟಿದ ಆಲ್ಬಂ. ನೀ ಮಾಡಿದ ಆಲ್ಬಂ ಆದ್ರ ಒಮ್ಮೆಲೆ ಅಳಸಬಹುದು, ಇವನ್ನ ಅಳಸಾಕ ಬರಂಗಿಲ್ಲ. ಒಳಗಿನ ಒಂದೊಂದ ಫೋಟೋ ತಗೀಬೇಕು.

ಫೋನಿನ್ಯಾಗ ಮಾಡಬ್ಯಾಡ. ಬೊಟ್ಟು ಸೋತು ಹೋಗ್ತಾವ, ಮತ್ತ ಅವಸರದಾಗ ಬ್ಯಾರೆ ಫೋಟೋ ಹೋಗ್ತದ. ಕಂಪ್ಯೂಟರ್ ಇದ್ರ ಬ್ರೌಸರ್‌ನ್ಯಾಗ ನಿನ್ನ ಪ್ರೊಫೈಲ್ ತಗಿ, Photos ಒತ್ತು, ಅಲ್ಲಿ Albums ಅಂತ ಬರ್ತದ. ಆಲ್ಬಂ ತಗದ ಕೂಡ್ಲೇ ಮೊದಲು ಮೂರು ಚುಕ್ಕಿ ಒತ್ತಿ Download album ಕೊಡು. ನೂರು ಮಂದಿಯೊಳಗ ಹತ್ತು ಮಂದಿ ಮರುದಿನ ಬಂದು "ಅಕ್ಕಾ, ಆ ಒಂದು ಫೋಟೋ ಬೇಕಿತ್ತು" ಅಂತಾರ. ನಾ ಎಲ್ಲಿಂದ ತಂದು ಕೊಡ್ಲಿ?

ಆಮ್ಯಾಲೆ ಒಂದೊಂದು ಫೋಟೋ ತಗದು, ಬಲಕ್ಕ ಮೂರು ಚುಕ್ಕಿ, Delete photo. ಪೋಸ್ಟ್ ಅಳಸಿದ್ರ Trash ಅನ್ನೋ ಬುಟ್ಟ್ಯಾಗ 30 ದಿನ ಇರ್ತದ, ತಿರುಗಿ ತರಬಹುದು. ಆಲ್ಬಂನ್ಯಾಗ ಹಿಂಗ ಒಂದೊಂದ ಫೋಟೋ ಅಳಸಿದ್ರ ಅದು ತಿರುಗಿ ಸಿಗ್ತದಂತ ಲೆಕ್ಕ ಹಾಕಬ್ಯಾಡ. ಅದಕ್ಕ ಮೊದಲ ಇಳಿಸಿಕೊ ಅಂದಿದ್ದು.

ನೀ ಮಾಡಿದ ತಪ್ಪು Hide from profile. ಅದು ಗ್ವಾಡಿ ಮ್ಯಾಲಿಂದ ಮರೆ ಮಾಡ್ತದ, ಫೋಟೋಕ್ಕ ಏನೂ ಆಗಂಗಿಲ್ಲ. ಹಂಗ ಕವರ್ ಮ್ಯಾಲೆ Remove ಅಂತ ಕೊಟ್ರೂ ಅಷ್ಟ. ಮ್ಯಾಲಿನ ಜಾಗ ಖಾಲಿ ಆಗ್ತದ, ಫೋಟೋ ಆಲ್ಬಂನ್ಯಾಗ ಹಾಯಾಗಿ ಇರ್ತದ. ನನ್ನ ಕಡೆ ಬರೋ ಮಂದಿಯೊಳಗ ಮುಕ್ಕಾಲು ಮಂದಿ ಇಲ್ಲೇ ಎಡವಿರ್ತಾರ.

ಗಣೇಶ_ತುಮಕೂರು

ಅಕ್ಕ, ಲಾಕ್ ಮಾಡಿದ್ರೂ ಇಷ್ಟೆಲ್ಲ ಬೇಕಾ? 2020ರಲ್ಲಿ ಲಾಕ್ ಬಂದಾಗ್ಲೇ ನಮ್ಮ ಮನೆಯವರ ಎಲ್ಲರದ್ದೂ ಮಾಡಿದ್ದೆ. ನೀಲಿ ಗುರಾಣಿ ಬೇರೆ ಇದೆ.

ಸೈಬರ್_ಸೆಂಟರ್_ಅಕ್ಕ

ಅಣ್ಣಾರ, ಲಾಕ್ ಒಳ್ಳೇದ, ಮಾಡಬ್ಯಾಡ್ರಿ ಅನ್ನಂಗಿಲ್ಲ. ಹೊರಗಿನ ಮಂದಿಗೆ ಫೋಟೋ ದೊಡ್ಡದಾಗಿ ಕಾಣಂಗಿಲ್ಲ, ಗ್ವಾಡಿ ಕಾಣಂಗಿಲ್ಲ. ಆದ್ರ ಅದು ಬಾಗಲಕ್ಕ ಹಾಕಿದ ಕೀಲಿ. ಮನಿಯೊಳಗ ಇರೋ 900 ಮಂದಿಗೆ ಎಲ್ಲಾ ಕಾಣ್ತದ. ಹೆಣ್ಣಿನ ಕಡಿಯವ್ರಿಗೆ ಫೋಟೋ ಹೆಂಗ ಸಿಕ್ತು ಅಂತೀರಿ? ಹುಡುಗನ ಪಟ್ಟಿಯೊಳಗ ಅವ್ರ ಬೀಗರ ಪೈಕಿ ಒಬ್ಬಾಂವ ಇದ್ರ ಸಾಕು.

ಗುರಾಣಿ 2017ಕ್ಕ ಬಂದದ್ದು, ಅದು ಈಗಿನ ಪ್ರೊಫೈಲ್ ಫೋಟೋಕ್ಕ ಕಾವಲು. ಹತ್ತು ವರ್ಷದ ಹಿಂದಿನ ಕವರ್ ಕಾಯಾಕ ಅದು ಬರಂಗಿಲ್ಲ.

ಮಂಗಳೂರ್_ಮೀನು

ನಾನು ಒಂದು ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ ಒಂದೇ ಸಲಕ್ಕೆ ಎಲ್ಲ ಅಳಿಸಿದೆ ಮಾರಾಯ್ರೆ. ಒಂದೊಂದೇ ಕುತ್ತಿ ಕೂರ್ಲಿಕ್ಕೆ ಯಾರಿಗೆ ಪುರುಸೊತ್ತು ಉಂಟು?

ಕೋಡಿಂಗ್_ಕೂಲಿ

ದಯವಿಟ್ಟು ಅಂಥದ್ದನ್ನ ಇಲ್ಲಿ ಸಲಹೆ ಮಾಡಬೇಡಿ. ಅಂಥ ಎಕ್ಸ್‌ಟೆನ್ಷನ್‌ಗೆ ನೀವು ಲಾಗಿನ್ ಆಗಿರೋ ಪುಟ ಪೂರ್ತಿ ಓದೋಕೆ, ನಿಮ್ಮ ಪರವಾಗಿ ಒತ್ತೋಕೆ ಅನುಮತಿ ಕೊಡಬೇಕಾಗುತ್ತೆ. ಬಚ್ಚಲ ಫೋಟೋ ಅಳಿಸೋಕೆ ಹೋಗಿ ಖಾತೆಯನ್ನೇ ಅಪರಿಚಿತರ ಕೈಗೆ ಕೊಟ್ಟ ಹಾಗೆ.

ಫೇಸ್‌ಬುಕ್‌ನೊಳಗೇ ಸ್ವಲ್ಪ ಬೇಗ ಆಗೋ ದಾರಿ ಇದೆ. Activity log ತೆರೆದು ನಿಮ್ಮ ಪೋಸ್ಟುಗಳಿಗೆ ಹೋಗಿ, ವರ್ಷ ಆರಿಸಿ. ಬೇಕಾದ್ದಕ್ಕೆಲ್ಲ ಗುರುತು ಹಾಕಿ ಒಟ್ಟಿಗೆ Trash ಅಥವಾ Archive. 2020ರಿಂದ ಈ ಸೌಲಭ್ಯ ಇದೆ. ಪ್ರೊಫೈಲ್ ಚಿತ್ರ ಬದಲಾಯಿಸಿದ ಪೋಸ್ಟುಗಳೂ ಅಲ್ಲಿ ಬರ್ತವೆ. ನನ್ನದ್ರಲ್ಲಿ ಪೋಸ್ಟ್ ಹೋದಾಗ ಫೋಟೋನೂ ಹೋಯ್ತು.

ಮಂಗಳೂರ್_ಮೀನು

ನನ್ನ ಹೆಂಡತಿದ್ರಲ್ಲಿ ಅದನ್ನೂ ಮಾಡಿ ನೋಡಿದ್ದೇವೆ. ಏಳೆಂಟು ಕವರ್ ಫೋಟೋ ಆ ಪಟ್ಟಿಯಲ್ಲಿ ಬರ್ಲೇ ಇಲ್ಲ. ಆಲ್ಬಂನಲ್ಲಿ ಮಾತ್ರ ಇತ್ತು.

ಕೋಡಿಂಗ್_ಕೂಲಿ

ಆಗಿರಬಹುದು. ಹಾಗಾಗಿ ಎಲ್ಲ ಮುಗಿದ ಮೇಲೆ ಆಲ್ಬಂ ತೆರೆದು ಎಣಿಸಿ ನೋಡೋದೇ ಖಾತ್ರಿ. Activity log ಖಾಲಿ ಅಂದ್ರೆ ಆಲ್ಬಂ ಖಾಲಿ ಅಂತ ನಾನೂ ಪ್ರಮಾಣ ಮಾಡಲ್ಲ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಿಲ್ಲ. ಫೋಟೋ ಮೇಲೆ ಮೌಸಿನ ಬಲಗುಂಡಿ ಒತ್ತಿ ಚಿತ್ರವನ್ನಷ್ಟೇ ಹೊಸ ಟ್ಯಾಬ್‌ನಲ್ಲಿ ತೆರೆದರೆ `fbcdn.net` ಅಂತ ಇರೋ ಒಂದು ಉದ್ದನೆ ಕೊಂಡಿ ಬರುತ್ತೆ. ಆ ಕೊಂಡಿ ಯಾರ ಕೈಗೆ ಸಿಕ್ಕಿದ್ರೂ ಲಾಗಿನ್ ಇಲ್ಲದೆ ತೆರೆಯುತ್ತೆ. ಅಂದ್ರೆ ಫೋಟೋ ಎಷ್ಟು ಗುಟ್ಟಾಗಿಟ್ಟಿದ್ರೂ, ನೋಡೋಕೆ ಅನುಮತಿ ಇರೋ ಒಬ್ಬ ಅದನ್ನ ನಕಲು ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದ್ರೆ ಉಳಿದವರೂ ನೋಡ್ತಾರೆ.

ಸಮಾಧಾನದ ವಿಷಯ, ಆ ಕೊಂಡಿಗೆ ವಾಯಿದೆ ಇರುತ್ತೆ. ಕೊಂಡಿಯೊಳಗೆ `oe=` ಅಂತ ಹುಡುಕಿ. ಅದರ ಮುಂದಿನ ಎಂಟು ಅಕ್ಷರ ಆ ವಾಯಿದೆಯ ಸಮಯ, ಹದಿನಾರರ ಎಣಿಕೆಯಲ್ಲಿ ಬರೆದಿರೋದು. ಉದಾಹರಣೆಗೆ `oe=66F00000` ಇದ್ರೆ ಲಿನಕ್ಸ್‌ನಲ್ಲಿ ಹೀಗೆ ನೋಡಬಹುದು:

```
date -d @$((16#66F00000))
```

ಇದಕ್ಕೆ 2024ರ ಸೆಪ್ಟೆಂಬರ್ 22, ನಮ್ಮ ಸಮಯ ಸಂಜೆ 5 ಗಂಟೆ 1 ನಿಮಿಷ ಅಂತ ಉತ್ತರ ಬರುತ್ತೆ. ಆ ಹೊತ್ತು ದಾಟಿದ ಮೇಲೆ ಕೊಂಡಿ ಒತ್ತಿದ್ರೆ ಚಿತ್ರದ ಬದಲು `URL signature expired` ಅಂತ ಒಂದೇ ಸಾಲು. ಅಳಿಸಿದ ಮರುಕ್ಷಣ ಹಳೇ ಕೊಂಡಿ ಇನ್ನೂ ತೆರೀತಿದೆ ಅಂತ ಯಾರಾದ್ರೂ ಹೇಳಿದ್ರೆ ಅಳಿಸಿದ್ದು ಕೆಲಸ ಮಾಡಿಲ್ಲ ಅಂತ ತಕ್ಷಣ ತೀರ್ಮಾನಕ್ಕೆ ಬರಬೇಡಿ. ದಾರಿಯಲ್ಲಿರೋ ಸರ್ವರುಗಳಲ್ಲಿ ಪ್ರತಿ ಸ್ವಲ್ಪ ಹೊತ್ತು ಉಳಿದಿರಬಹುದು. ಆಲ್ಬಂನಲ್ಲಿ ಇಲ್ಲ, ಆದ್ರೆ ಕೊಂಡಿಯಲ್ಲಿ ಇದೆ ಅಂತಾದ್ರೆ ಕೆಲವು ದಿನ ಕಾದು ಮತ್ತೆ ನೋಡಿ.

ನಿವೃತ್ತ_ಮೇಷ್ಟ್ರು

ಹದಿನಾರರ ಎಣಿಕೆ ಎಂದರೆ ಹೆಕ್ಸಾಡೆಸಿಮಲ್ ತಾನೇ? ನಾವು ಸೇರಿಗೆ ಎರಡು ಅಚ್ಚೇರು, ನಾಲ್ಕು ಪಾವು ಎಂದು ಕಲಿತವರು. ಬಿಡಿ, ಕುತೂಹಲಕ್ಕೆ ಕೇಳಿದೆ.

ಸಂಘದ_ಸೆಕ್ರೆಟರಿ_ನ್ಯೂಜೆರ್ಸಿ

ನಮ್ಮದು ಸ್ವಲ್ಪ ಬೇರೆ ಕಥೆ. ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಒಂದು ಫೇಸ್‌ಬುಕ್ ಪೇಜ್ ಇದೆ. ಹಿಂದಿನ ಅಧ್ಯಕ್ಷರೊಬ್ಬರು ರಾಜ್ಯೋತ್ಸವದ ಕವರ್‌ನಲ್ಲಿ ತಮ್ಮ ಕುಟುಂಬದ ಫೋಟೋ ಹಾಕಿದ್ದರು. ಈಗ ಅವರ ಮಗಳು, ಆಗ ಮಗು, ಈಗ ಕಾಲೇಜು, ಅದನ್ನ ತೆಗೆಯಿರಿ ಅಂತ ಕೇಳ್ತಿದಾಳೆ. ಕವರ್ ಬದಲಾಯಿಸಿದೆವು, ಸಾಲದು ಅಂತ ಗೊತ್ತಾಯ್ತು. ಅಕ್ಕ ಹೇಳಿದ Only me ಪೇಜ್‌ಗೆ ಆಗುತ್ತಾ?

ಸೈಬರ್_ಸೆಂಟರ್_ಅಕ್ಕ

ನಾ Only me ಬಗ್ಗೆ ಇನ್ನೂ ಹೇಳೇ ಇಲ್ಲಲ್ರೀ! ಇರ್ಲಿ, ಈಗ ಹೇಳ್ತೀನಿ.

ಪೇಜ್ ಅಂದ್ರ ಊರ ಮುಂದಿನ ಬೋರ್ಡ್ ಇದ್ದಂಗ, ಅದು ಮಂದಿ ನೋಡಾಕನ ಇರೋದು. ಅದಕ್ಕ ಅಳಸೂದ ಸರಿ. ಪೇಜ್‌ಗೆ ಬದಲಿ ಆಗಿ ಅದರ Cover photos ಆಲ್ಬಂಗೆ ಹೋಗ್ರಿ, ಫೋಟೋ ತಗದು ಅಳಸ್ರಿ. ನಿಮಗ ಪೇಜಿನ ಫೋಟೋ ಅಳಸೋ ಅಧಿಕಾರ ಇರಬೇಕು. ಮತ್ತ ಆ ಹುಡುಗಿನ್ನ ಕಾಯಿಸಬ್ಯಾಡ್ರಿ.

ವೈಯಕ್ತಿಕ ಖಾತೆಗೆ ಮಾತ್ರ ಎರಡು ದಾರಿ ಅದಾವ. ಹಳೇ ಕವರ್, ಹಳೇ ಪ್ರೊಫೈಲ್ ಫೋಟೋ ತಗದು ದಿನಾಂಕದ ಬಾಜೂ ಇರೋ ಗೋಲ ಒತ್ತಿ Only me ಮಾಡಬಹುದು. ಈಗ ಮ್ಯಾಲೆ ಇರೋ ಕವರ್‌ಗೆ ಇದು ನಡಿಯಂಗಿಲ್ಲ, ಅದು ಯಾವಾಗಲೂ ಎಲ್ಲರಿಗೂ ಕಾಣೋದು. ಬದಲಿ ಆದ ಮ್ಯಾಲೆ ಹಳೇದಕ್ಕ ಮಾಡಬಹುದು. ಹಳೇದು ಎಲ್ಲರಿಗೂ ಅಂತ ಇದ್ರ ತಾನ ಬದಲಾಗಂಗಿಲ್ಲ, ನಾವ ಮಾಡಬೇಕು. ರಶ್ಮಿ, ನಿನ್ನ ಬಚ್ಚಲ ಫೋಟೋದ ಗೋಲ ಹಂಗ ಉಳದದ್ದು.

ಕಾವೇರಿ_ತೀರ

ನಾನು Only me ಪಂಗಡ. ಕಾರಣ ಹೇಳ್ತೀನಿ. ನನ್ನ 2012ರ ಒಂದು ಪ್ರೊಫೈಲ್ ಫೋಟೋ ಇದೆ, ಕೂದಲು ಕತ್ತರಿಸ್ಕೊಂಡು ಭಯಂಕರವಾಗಿ ಕಾಣ್ತೀನಿ. ಅದರ ಕೆಳಗೆ ಅಪ್ಪ ಒಂದು ಕಾಮೆಂಟ್ ಹಾಕಿದಾರೆ, "ಪುಟ್ಟಿ, ಕೂದ್ಲು ಯಾಕೆ ಕತ್ತರಿಸಿದ್ದು? ಮನೆಗೆ ಬಾ, ಮಾತಾಡೋಣ" ಅಂತ. ಅಪ್ಪ ಹೋಗಿ ಆರು ವರ್ಷ. ಅಪ್ಪ ಫೇಸ್‌ಬುಕ್‌ನಲ್ಲಿ ಬರೆದಿದ್ದೇ ಒಟ್ಟು ನಾಲ್ಕೈದು ಸಾಲು.

ಫೋಟೋ ಅಳಿಸಿದ್ರೆ ಅದರ ಕೆಳಗಿನ ಮಾತುಗಳೂ ಹೋಗ್ತವೆ. ಇಳಿಸ್ಕೊಂಡಿರೋ ಆಲ್ಬಂನಲ್ಲಿ ಬರೀ ಚಿತ್ರ ಇರುತ್ತೆ, ಕಾಮೆಂಟ್ ಇರಲ್ಲ. ನಾನು ಅದು ಗೊತ್ತಿಲ್ಲದೆ ಅಂಥ ಇನ್ನೊಂದನ್ನ ಕಳ್ಕೊಂಡೆ. ಅದರಲ್ಲಿ ಅಪ್ಪ ಏನು ಬರೆದಿದ್ರು ಅಂತ ಈಗ ಸರಿಯಾಗಿ ನೆನಪಿಗೂ ಬರ್ತಿಲ್ಲ. ಅಳಿಸೋ ಮುಂಚೆ ಕೆಳಗೆ ಜಾರಿಸಿ ಯಾರು ಏನು ಬರೆದಿದಾರೆ ಅಂತ ಒಂದ್ಸಲ ನೋಡಿ. ಬೇಕಾದ್ದಿದ್ರೆ ಸ್ಕ್ರೀನ್‌ಶಾಟ್ ತಗೊಳ್ಳಿ.

ಸೈಬರ್_ಸೆಂಟರ್_ಅಕ್ಕ

ಹೌದವ್ವಾ. ಈ ಮಾತು ನಾನೂ ಮಂದಿಗೆ ಹೇಳಂಗಿಲ್ಲ. ಇನ್ನ ಮ್ಯಾಲೆ ಹೇಳ್ತೀನಿ.

ಗಣೇಶ_ತುಮಕೂರು

ನಾನೂ ಕುತೂಹಲಕ್ಕೆ ನನ್ನ ಆಲ್ಬಂ ನೋಡಿದೆ. 2015ರಲ್ಲಿ ಡಿಜಿಟಲ್ ಇಂಡಿಯಾ ಅಂತ ಎಲ್ಲರೂ ಮುಖದ ಮೇಲೆ ತ್ರಿವರ್ಣ ಬಳ್ಕೊಂಡ್ರಲ್ಲ, ಅದು ನಾಲ್ಕು ಸಲ ಇದೆ! ನಾಲ್ಕು ಬೇರೆ ಬೇರೆ ಫೋಟೋ ಮೇಲೆ ಪ್ರಯತ್ನ ಮಾಡಿದ್ದೆ ಅನ್ಸುತ್ತೆ. ಸರಿ, ಲಾಕ್ ಸಾಲದು ಅಂತ ಒಪ್ಕೊಂಡೆ.

ಮಂಗಳೂರ್_ಮೀನು

ಟೆಲಿಗ್ರಾಂ ಇನ್ನೂ ಮಜಾ ಉಂಟು. ಅಲ್ಲಿ ನಿಮ್ಮ ಫೋಟೋ ಪಕ್ಕಕ್ಕೆ ಜಾರಿಸಿದ್ರೆ ಹಳೇದೆಲ್ಲ ಸಾಲಾಗಿ ಬರ್ತದೆ. ನಮ್ಮ ಆಫೀಸಿನವರ ಮದುವೆ ಆಗದ ಕಾಲದ್ದೆಲ್ಲ ನೋಡಿದ್ದೇವೆ. ಅಲ್ಲೂ ಒಂದೊಂದೇ ಅಳಿಸ್ಬೇಕು.

ರಶ್ಮಿ_ಶಿವಮೊಗ್ಗ

ಎರಡು ರಾತ್ರಿ ಕೂತು ಮಾಡಿದೆ. ಏನಾಯ್ತು ಅಂತ ಹೇಳ್ತೀನಿ.

ಮೊದ್ಲು ಎರಡೂ ಆಲ್ಬಂ ಇಳಿಸ್ಕೊಂಡೆ. 23 ಕವರ್‌ನಲ್ಲಿ 19 ಅಳಿಸಿದೆ, ಮೂರು Only me, ಒಂದು ಈಗಿರೋದು. ಪ್ರೊಫೈಲ್ ಫೋಟೋ 41ರಲ್ಲಿ 30 ಅಳಿಸಿದ ಮೇಲೆ ನಿದ್ದೆಗಣ್ಣಲ್ಲಿ ಈಗಿರೋದನ್ನೂ ಅಳಿಸ್ಬಿಟ್ಟೆ. ಹಿಂದಿನದು ಬಂದು ಕೂರುತ್ತೆ ಅಂದ್ಕೊಂಡಿದ್ದೆ, ಇಲ್ಲ, ಬೂದು ಬಣ್ಣದ ಗೊಂಬೆ ಬಂತು. ಬೆಳಿಗ್ಗೆ ನಮ್ಮ ಅತ್ತಿಗೆ ಫೋನ್, "ಯಾಕೆ, ಖಾತೆ ಹ್ಯಾಕ್ ಆಯ್ತಾ?" ಅಂತ.

ಬಚ್ಚಲ ಫೋಟೋ ಅಳಿಸಿ ನಿಟ್ಟುಸಿರು ಬಿಟ್ಟೆ. ಆಮೇಲೆ ಕೋಡಿಂಗ್ ಅವ್ರು ಹೇಳಿದ ಹಾಗೆ ಎಣಿಸೋಣ ಅಂತ ಬೇರೆ ಆಲ್ಬಂಗಳನ್ನೂ ತೆಗೆದ್ರೆ, ಅದೇ ಫೋಟೋ Mobile uploads ಅಂತ ಇನ್ನೊಂದ್ರಲ್ಲಿ ಇದೆ! ಮೈಯೆಲ್ಲ ಉರಿದು ಹೋಯ್ತು. ಇದು ಹೇಗೆ?

ಕೋಡಿಂಗ್_ಕೂಲಿ

ನೀವು ಮೊದ್ಲು ಆ ಫೋಟೋನ ಫೋನಿಂದ ಸಾಮಾನ್ಯ ಪೋಸ್ಟ್ ಆಗಿ ಹಾಕಿರ್ತೀರಿ, ಆಮೇಲೆ ಅದನ್ನೇ ಕತ್ತರಿಸಿ ಕವರ್ ಮಾಡಿರ್ತೀರಿ. ಕತ್ತರಿಸಿದ್ದು ಬೇರೆ ಪ್ರತಿ, ಮೂಲ ಬೇರೆ. ಎರಡನ್ನ ಪಕ್ಕಪಕ್ಕ ಇಟ್ಟು ನೋಡಿ, ಮೂಲದಲ್ಲಿ ಮೇಲೆ ಕೆಳಗೆ ಸ್ವಲ್ಪ ಜಾಸ್ತಿ ಕಾಣುತ್ತೆ. ಅಲ್ಲೂ ಅದೇ ರೀತಿ ಅಳಿಸಿ.

ಮುಗಿದ ಮೇಲೆ ಪ್ರೊಫೈಲ್‌ನ ಮೂರು ಚುಕ್ಕಿಯಲ್ಲಿ View As ಇದೆ, ಹೊರಗಿನವರಿಗೆ ಏನು ಕಾಣುತ್ತೆ ಅಂತ ತೋರಿಸುತ್ತೆ. ಅದು ಸ್ನೇಹಿತರ ಕಣ್ಣಿಂದ ತೋರಿಸಲ್ಲ. ಅದಕ್ಕೆ ನಿಮ್ಮ ಯಜಮಾನರ ಫೋನಲ್ಲೇ ನಿಮ್ಮ ಪ್ರೊಫೈಲ್ ತೆಗೆದು ನೋಡಿ. ಗೂಗಲ್ ಚಿತ್ರಗಳಲ್ಲಿ ನಿಮ್ಮ ಹೆಸರು ಹುಡುಕಿ, ಹಳೇದು ಇನ್ನೂ ಬರ್ತಿದ್ರೆ Refresh Outdated Content ಅಂತ ಗೂಗಲ್‌ನದ್ದೇ ಒಂದು ಪುಟ ಇದೆ. ಮೂಲ ಅಳಿದ ಮೇಲೆ ಮಾತ್ರ ಅಲ್ಲಿ ಅರ್ಜಿ ಹಾಕಬೇಕು, ಮುಂಚೆ ಹಾಕಿದ್ರೆ ತಿರಸ್ಕಾರ ಆಗುತ್ತೆ.

ರಶ್ಮಿ_ಶಿವಮೊಗ್ಗ

ಮೂಲದಲ್ಲಿ ನಮ್ಮತ್ತೆ ಕೈ, ಸೀಗೆಪುಡಿ ಬಟ್ಟಲು ಎರಡೂ ಕಾಣುತ್ತೆ. ಕವರ್‌ನಲ್ಲಿ ಇರ್ಲಿಲ್ಲ. ನೀವು ಹೇಳಿದ್ದೇ ನಿಜ. ಅದನ್ನೂ ಅಳಿಸಿದೆ. ಇವ್ರ ಫೋನಲ್ಲೂ ನೋಡಿದೆ, ಎಲ್ಲೂ ಇಲ್ಲ.

ಇನ್ನು ತಮ್ಮನ ವಿಷಯ. ಅವನ ಆಲ್ಬಂನಿಂದ ಜೋಗದ ಫೋಟೋ ತೆಗೆಸಿದೆ. ಆದ್ರೆ ಅವತ್ತು ಕ್ಯಾಮೆರಾ ಹಿಡಿದಿದ್ದು ಅವನ ಗೆಳೆಯ, ಅವನೂ ಅದೇ ಫೋಟೋನ ತನ್ನ ಕವರ್ ಮಾಡ್ಕೊಂಡಿದ್ದನಂತೆ, ತಮ್ಮನನ್ನ ಟ್ಯಾಗ್ ಮಾಡಿ.

ಸೈಬರ್_ಸೆಂಟರ್_ಅಕ್ಕ

ಅಲ್ಲಿಗೆ ನಿನ್ನ ಕೈ ಮುಗೀತು ತಂಗಿ. ಟ್ಯಾಗ್ ತಗಸ್ರಿ, ಹೆಸರಿನ ಕೊಂಡಿ ಹೋಗ್ತದ. ಫೋಟೋ ಅವನ ಆಲ್ಬಂನ್ಯಾಗ ಇರ್ತದ, ಅವನ ಅಳಸಬೇಕು. ಹುಡುಗನಿಗೆ ಹೇಳು, ಗೆಳ್ಯಾನ ಮನಿಗೆ ಹೋಗಿ ಬಾಜೂ ಕುಂತು ಅಳಿಸಿ ಬರಾಕ. ಫೋನ್‌ನ್ಯಾಗ "ಹೂಂ ಅಳಸ್ತೀನಿ" ಅಂದವ್ರು ಯಾರೂ ಅಳಸಂಗಿಲ್ಲ.

ರಶ್ಮಿ_ಶಿವಮೊಗ್ಗ

ಗೆಳೆಯ ಈಗ ದುಬೈನಲ್ಲಿ ಇದಾನಂತೆ ಅಕ್ಕ. ಆ ಖಾತೆಯ ಪಾಸ್‌ವರ್ಡೇ ಮರೆತಿದೆ ಅಂತಿದಾನೆ.

ಸಂಘದ_ಸೆಕ್ರೆಟರಿ_ನ್ಯೂಜೆರ್ಸಿ

ನಮ್ಮದು ಅರ್ಧ ಆಯ್ತು. ನನಗೆ ಪೋಸ್ಟ್ ಹಾಕುವ ಅಧಿಕಾರ ಮಾತ್ರ ಇದೆ. ಅಳಿಸುವ ಅಧಿಕಾರ ಇರೋದು ಆ ಹಳೇ ಅಧ್ಯಕ್ಷರಿಗೇ. ಅವರು ಭಾರತಕ್ಕೆ ವಾಪಸ್ ಹೋಗಿ, "ಅದು ಚೆನ್ನಾಗಿರೋ ಫೋಟೋ, ಯಾಕೆ ತೆಗೀಬೇಕು?" ಅಂತ ಕೇಳ್ತಿದಾರೆ.

ಕಾವೇರಿ_ತೀರ

ಮಗಳೇ ಕೇಳ್ತಿರೋದು ಅಂತ ಅವರಿಗೆ ಹೇಳಿದೀರಾ?

ಸಂಘದ_ಸೆಕ್ರೆಟರಿ_ನ್ಯೂಜೆರ್ಸಿ

ಹೇಳ್ಬೇಡಿ ಅಂತ ಅವಳೇ ಹೇಳಿದಾಳೆ.